ಅಡಿಕೆ ರೇಟು ಮತ್ತು ಆ್ಯಪ್ ಅಲ್ಲದ ಆ್ಯಪ್

ಮಲೆನಾಡಿನ ಒಂದು ಅಡಿಕೆ ಮಾರಾಟ ಸೊಸೈಟಿ. ಹೆಸರು ಬೇಡ. ಅದರ ವೆಬ್‌ಸೈಟನ್ನು ಏಳೆಂಟು ವರ್ಷದಿಂದ ನೋಡಿಕೊಂಡು ಬಂದವನು ನಾನು. ಒಮ್ಮೆ ಆಡಳಿತ ಮಂಡಳಿಯ ಸಭೆಗೆ ನನ್ನನ್ನೂ ಕರೆದರು. ಅಜೆಂಡಾದಲ್ಲಿ ಆರನೆಯ ವಿಷಯ, "ಸಂಘಕ್ಕೆ ಮೊಬೈಲ್ ಆ್ಯಪ್ ಮಾಡಿಸುವ ಬಗ್ಗೆ". ಕಾರ್ಯದರ್ಶಿಗಳು ಪೀಠಿಕೆಯಿಲ್ಲದೆ ಹೇಳಿದರು: "ವೆಬ್‌ಸೈಟ್ ಹಳೇದಾಯ್ತು ಮಾರಾಯ್ರೆ. ಈಗೆಲ್ಲ ಆ್ಯಪ್. ನಮಗೂ ಒಂದು ಮಾಡಿಕೊಡಿ." ಚಹಾ ಬಂತು, ವಿಷಯ ಏಳಕ್ಕೆ ಹೋಗುವುದರಲ್ಲಿತ್ತು. ನಾನು ಒಂದು ವಾರದ ಟೈಮ್ ಕೇಳಿದೆ.

ಸೊಸೈಟಿಯ ಮುಂದೆ ಮೂರು ದಾರಿ ಇದ್ದವು. ಇರುವ ವೆಬ್‌ಸೈಟನ್ನೇ ಇಟ್ಟುಕೊಳ್ಳುವುದು ಒಂದು. ಆಂಡ್ರಾಯ್ಡ್‌ಗೊಂದು, ಐಫೋನಿಗೊಂದು ಎಂದು ಹೊಸದಾಗಿ ಆ್ಯಪ್ ಬರೆಸುವುದು ಇನ್ನೊಂದು. ಇವೆರಡರ ನಡುವೆ ಇರುವುದು ಪ್ರೋಗ್ರೆಸಿವ್ ವೆಬ್ ಆ್ಯಪ್. ನಮ್ಮ ಕಸುಬಿನವರು ಪಿಡಬ್ಲ್ಯೂಎ ಎನ್ನುತ್ತಾರೆ. ಅಲೆಕ್ಸ್ ರಸೆಲ್ ಮತ್ತು ಫ್ರಾನ್ಸಿಸ್ ಬೆರಿಮನ್ ಎಂಬಿಬ್ಬರು 2015ರಲ್ಲಿ ಇಟ್ಟ ಹೆಸರು ಅದು. ಒಳಗೆ ಇರುವುದು ಅದೇ ವೆಬ್‌ಸೈಟು. ಅದಕ್ಕೆ ಎರಡು ಫೈಲು ಸೇರುತ್ತವೆ. ಒಂದು ಮ್ಯಾನಿಫೆಸ್ಟ್: ಫೋನಿನ ಪರದೆಯ ಮೇಲೆ ಕೂರಿಸಿದಾಗ ಯಾವ ಐಕಾನ್, ಯಾವ ಹೆಸರು, ಒತ್ತಿದರೆ ಯಾವ ಪುಟ ಎಂದು ಹೇಳುವ ಚಿಕ್ಕ ಪಟ್ಟಿ. ಇನ್ನೊಂದು ಸರ್ವಿಸ್ ವರ್ಕರ್: ಪುಟಕ್ಕೂ ಇಂಟರ್ನೆಟ್ಟಿಗೂ ನಡುವೆ ಕೂತು, ಯಾವುದನ್ನು ಸರ್ವರಿನಿಂದ ತರಬೇಕು, ಯಾವುದನ್ನು ಫೋನಿನಲ್ಲೇ ಇಟ್ಟುಕೊಂಡ ಪ್ರತಿಯಿಂದ ಕೊಡಬೇಕು ಎಂದು ನಿರ್ಧರಿಸುವ ಪುಟ್ಟ ಪ್ರೋಗ್ರಾಂ. ಸೈಟು ಎಚ್‌ಟಿಟಿಪಿಎಸ್ ಮೇಲೆ ಇರಬೇಕು ಎಂಬುದೊಂದು ಷರತ್ತು. ನಮ್ಮ ಸೊಸೈಟಿಯದು ಅದಾಗಲೇ ಇತ್ತು.

ಈ ದಾರಿಯ ಮೊದಮೊದಲ ದೊಡ್ಡ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 2015ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಮೊಬೈಲ್ ವೆಬ್‌ಸೈಟನ್ನು ಮುಚ್ಚಿ, ಬಂದವರನ್ನೆಲ್ಲ ಆ್ಯಪ್ ಕಡೆಗೆ ಕಳಿಸಿತ್ತು. ಅದೇ ವರ್ಷದ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹೆಸರಿನಲ್ಲಿ ವೆಬ್ಬಿಗೆ ಮರಳಿತು. ಐಕಾನ್ ಒತ್ತಿ ಬಂದವರಲ್ಲಿ ಕೊಳ್ಳುವ ಪ್ರಮಾಣ 70% ಹೆಚ್ಚು ಎಂಬ ಅಂಕಿ ಆಮೇಲೆ ಪ್ರಕಟವಾಯಿತು. ಪಿಡಬ್ಲ್ಯೂಎ ಮಾರಲು ಬರುವವರ ಸ್ಲೈಡಿನಲ್ಲಿ ಈ ಅಂಕಿ ಇಂದಿಗೂ ಕಾಣಿಸುತ್ತದೆ. ನನಗೆ ಅದರ ಮೇಲೆ ಅಷ್ಟು ಭರವಸೆಯಿಲ್ಲ. ಅಂಕಿ ಸುಳ್ಳೆಂದಲ್ಲ. ಅಂಗಡಿಯ ಐಕಾನನ್ನು ಫೋನಿಗೆ ಹಾಕಿಕೊಳ್ಳುವವನು ಮೊದಲೇ ಖಾಯಂ ಗಿರಾಕಿ. ಅವನು ಹೆಚ್ಚು ಕೊಳ್ಳುತ್ತಾನೆ ಎಂದರೆ ಐಕಾನು ಕೊಳ್ಳಿಸಿತು ಎಂದು ಹೇಗೆ ಹೇಳುವುದು? ಬೇರೆಯವರ ಅಂಕಿ ಬಿಟ್ಟು ನಮ್ಮ ಸೈಟಿಗೆ ಬರುವವರು ಯಾರು ಎಂದು ನೋಡುವುದೇ ವಾಸಿ.

ಹಾಗಾಗಿ ಆ ವಾರ ನಾನು ಮಾಡಿದ್ದು ಸರ್ವರಿನ ಮೂರು ತಿಂಗಳ ಲಾಗ್ ತೆಗೆದು ಓದಿದ್ದು. ಯಾವ ಹೊತ್ತಿಗೆ, ಯಾವ ಥರದ ಫೋನಿನಿಂದ, ಎಲ್ಲಿಂದ ದಾಟಿ, ಯಾವ ಪುಟಕ್ಕೆ ಬಂದರು ಎಂಬುದು ಅದರಲ್ಲಿ ಸಾಲಾಗಿ ಇರುತ್ತದೆ. ಓದಲು ಬೇಸರ ಬರಿಸುವ ಕಡತ, ಆದರೆ ಅದರಲ್ಲಿ ಎಲ್ಲ ಇತ್ತು. ಸೈಟಿನಲ್ಲಿ ನಲವತ್ತು ಪುಟ ಇದ್ದರೂ ಜನ ನೋಡುತ್ತಿದ್ದುದು ಎರಡೇ ಪುಟ. ಒಂದು, ಆ ದಿನದ ಟೆಂಡರಿನಲ್ಲಿ ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು ಇವಕ್ಕೆಲ್ಲ ಕ್ವಿಂಟಾಲಿಗೆ ಎಷ್ಟು ಬಂತು ಎಂಬ ದರದ ಪುಟ. ಇನ್ನೊಂದು, ಲಾಗಿನ್ ಆಗಿ ತಮ್ಮ ಖಾತೆಯ ಬಾಕಿ ನೋಡುವ ಪುಟ. ಬರುವ ಹೊತ್ತೂ ಒಂದೇ, ಮಧ್ಯಾಹ್ನ ಟೆಂಡರ್ ಮುಗಿದ ಮೇಲೆ. ಕುಕಿ ಗುರುತು ಹಿಡಿದು ನೋಡಿದರೆ ಅವೇ ಫೋನುಗಳು ವಾರಕ್ಕೆ ನಾಲ್ಕೈದು ಸಲ ಬರುತ್ತಿದ್ದವು.

ನನಗೆ ಸುಳಿವು ಕೊಟ್ಟ ಸಾಲುಗಳು ಬೇರೆ. ಹೀಗೆ ದಿನಾ ಬರುವವರಲ್ಲಿ ಮುಕ್ಕಾಲು ಪಾಲು ಮಂದಿ ಬರುತ್ತಿದ್ದುದು ಗೂಗಲ್ ಹುಡುಕಾಟದಿಂದ. ಅಂದರೆ ಪ್ರತಿದಿನ ಫೋನ್ ತೆಗೆದು, ಸೊಸೈಟಿಯ ಹೆಸರು ಟೈಪ್ ಮಾಡಿ, ಬಂದ ಪಟ್ಟಿಯಲ್ಲಿ ನಮ್ಮದನ್ನು ಆರಿಸಿ, ಆಮೇಲೆ ದರದ ಪುಟಕ್ಕೆ ಹೋಗುತ್ತಿದ್ದರು. ದಿನಾ ಬರುವ ಮನೆಗೆ ದಿನಾ ದಾರಿ ಕೇಳಿಕೊಂಡು ಬಂದ ಹಾಗೆ. ಪರದೆಯ ಮೇಲೊಂದು ಐಕಾನ್ ಇದ್ದರೆ ಇವರಿಗೆ ನಿಜವಾದ ಉಪಕಾರ. ಅವೇ ಜನ ಮತ್ತೆ ಮತ್ತೆ ಬರುತ್ತಾರೆಯೇ, ಬರುವಾಗ ತೊಡಕು ಪಡುತ್ತಾರೆಯೇ ಎಂಬುದು ನಾನು ಮೊದಲು ಕೇಳುವ ಪ್ರಶ್ನೆ. ಈ ಸೊಸೈಟಿಯಲ್ಲಿ ಎರಡಕ್ಕೂ ಉತ್ತರ ಹೌದು.

ಎರಡನೆಯದು ಸಿಗ್ನಲ್. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಫೋನ್ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ, ಇಲ್ಲವೇ ಗುಡ್ಡದ ಮೇಲೆ. ಒಬ್ಬ ಸದಸ್ಯರ ಮನೆಯಲ್ಲಿ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತರೆ ಮಾತ್ರ ಸಿಗ್ನಲ್ ಬರುತ್ತದೆ. ಅವರು ಅಲ್ಲಿ ನಿಂತು ದರದ ಪುಟ ತೆರೆದು, ಹೆಂಡತಿಗೆ ತೋರಿಸಲು ಫೋನ್ ಹಿಡಿದು ಒಳಗೆ ಬರುವಷ್ಟರಲ್ಲಿ ಬ್ರೌಸರ್ ಪುಟವನ್ನು ಮತ್ತೆ ಲೋಡ್ ಮಾಡಲು ಹೋಗಿ ಖಾಲಿ ಬಿಳಿ ಪರದೆ ತೋರಿಸುತ್ತಿತ್ತು. ಸರ್ವಿಸ್ ವರ್ಕರ್ ಇದ್ದರೆ ಕೊನೆಯ ಸಲ ಇಳಿದ ಪುಟವಾದರೂ ಕಾಣುತ್ತದೆ.

ಮೂರನೆಯದು, ಬ್ರೌಸರ್ ಕೊಡದೆ ಇರುವ ಯಾವುದಾದರೂ ಸವಲತ್ತು ಫೋನಿನಿಂದ ಬೇಕೇ? ಫೋನ್ ಜೇಬಿನಲ್ಲಿರುವಾಗಲೂ ಅದು ಎಲ್ಲಿದೆ ಎಂದು ಗಮನಿಸುತ್ತಿರುವುದು, ಬಂದ ಎಸ್ಸೆಮ್ಮೆಸ್ಸುಗಳನ್ನೆಲ್ಲ ಓದುವುದು, ಕರೆಗಳ ಪಟ್ಟಿ ನೋಡುವುದು, ಇವು ವೆಬ್ಬಿನ ಕೈಯಲ್ಲಿ ಆಗದ ಕೆಲಸ. ಸೊಸೈಟಿಗೆ ಇವು ಯಾವುವೂ ಬೇಕಿರಲಿಲ್ಲ. ದರ, ಬಾಕಿ, ಸಭೆಯ ನೋಟೀಸು, ಅಷ್ಟೇ.

ಸಭೆಗೆ ಹೋಗಿ ಇಷ್ಟು ಹೇಳಿದೆ. ಸ್ಟೋರಿನ ಆ್ಯಪಿನ ಖರ್ಚನ್ನೂ ಹೇಳಿದೆ. ಗೂಗಲ್ ಪ್ಲೇಯಲ್ಲಿ ಖಾತೆ ತೆರೆಯಲು ಒಂದು ಸಲಕ್ಕೆ 25 ಡಾಲರ್, ಆಪಲ್‌ಗೆ ವರ್ಷ ವರ್ಷವೂ 99 ಡಾಲರ್. ಇದು ಚಿಲ್ಲರೆ ಖರ್ಚು. ದೊಡ್ಡ ಖರ್ಚು ಆಮೇಲಿನ ಉಪಚಾರದ್ದು. ಸೈಟಿನಲ್ಲಿ ಒಂದು ಹೊಸ ಕಾಲಂ ಸೇರಿಸಿದರೆ ಎರಡು ಆ್ಯಪಿನಲ್ಲೂ ಸೇರಿಸಬೇಕು. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳು ಬಂದ ಹಾಗೆಲ್ಲ ಆ್ಯಪನ್ನು ಅವಕ್ಕೆ ಹೊಂದಿಸಿ ಮತ್ತೆ ಏರಿಸಬೇಕು. ಸುಮ್ಮನೆ ಬಿಟ್ಟರೆ ಹೊಸ ಫೋನು ಕೊಂಡವರಿಗೆ ಪ್ಲೇಸ್ಟೋರಿನಲ್ಲಿ ಅದು ಕಾಣಿಸುವುದೇ ನಿಲ್ಲುತ್ತದೆ. ಹಾಗಾದರೆ ಇರುವ ವೆಬ್‌ಸೈಟಿಗೇ ಆ್ಯಪಿನ ಕವರ್ ಹಾಕಿ ಐಫೋನ್ ಸ್ಟೋರಿಗೆ ಕಳಿಸಿದರಾಯಿತಲ್ಲ ಎಂದು ಒಬ್ಬ ನಿರ್ದೇಶಕರು ಕೇಳಿದರು. ಬರೀ ಸೈಟಿನ ಮೇಲಿನ ಹೊದಿಕೆಯಾದರೆ ತಿರಸ್ಕರಿಸಬಹುದು ಎಂದು ಆಪಲ್ಲಿನ ನಿಯಮದಲ್ಲೇ ಇದೆ ಎಂದೆ.

ಮಂಡಳಿ ಪಿಡಬ್ಲ್ಯೂಎಗೆ ಒಪ್ಪಿತು. ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು.

ಮೊದಲು ಇರುವ ಸೈಟನ್ನೇ ರಿಪೇರಿ ಮಾಡಬೇಕಾಗಿತ್ತು. ಹನ್ನೆರಡು ಸಾಲಿನ ದರ ತೋರಿಸಲು ನಮ್ಮ ಪುಟ ನಾಲ್ಕು ಎಂಬಿ ಇಳಿಸುತ್ತಿತ್ತು. ಕಾರಣ, ಪುಟದ ತಲೆಯಲ್ಲಿ ವಾರ್ಷಿಕ ಸಭೆಯ ಫೋಟೋಗಳು, ಅಧ್ಯಕ್ಷರ ಶಾಲು ಸನ್ಮಾನ, ಒಂದರ ಹಿಂದೊಂದು ಸರಿಯುತ್ತಿದ್ದವು. ಸೋರುವ ಮನೆಗೆ ಹೊಸ ಬಾಗಿಲು ಇಟ್ಟರೆ ಆಗುತ್ತದೆಯೇ? ನಿಧಾನವಾದ ಸೈಟಿಗೆ ಐಕಾನ್ ಅಂಟಿಸಿದರೆ ಅದು ನಿಧಾನವಾದ ಆ್ಯಪ್ ಆಗುತ್ತದೆ. ಫೋಟೋಗಳನ್ನು ಬೇರೆ ಪುಟಕ್ಕೆ ಕಳಿಸಬೇಕು ಎಂದೆ. ಸರ್ವಿಸ್ ವರ್ಕರ್ ಬರೆಯಲು ನನಗೆ ಎರಡು ದಿನ ಸಾಕಾಯಿತು, ಅಧ್ಯಕ್ಷರ ಫೋಟೋ ಕದಲಿಸಲು ಮೂರು ವಾರ ಬೇಕಾಯಿತು.

ಮ್ಯಾನಿಫೆಸ್ಟಿನಲ್ಲಿ ಒಂದು ಚಿಕ್ಕ ತೊಡಕು ಬಂತು. ಐಕಾನಿನ ಕೆಳಗೆ ಹಿಡಿಸುವುದು ಹತ್ತು ಹನ್ನೆರಡು ಅಕ್ಷರ. ನಮ್ಮ ಸಂಘದ ಹೆಸರೋ, ಊರಿನಿಂದ ಶುರುವಾಗಿ "ನಿಯಮಿತ"ದವರೆಗೆ ಒಂದೂವರೆ ಸಾಲು. ಫೋನು ಅದನ್ನು ಊರಿನ ಹೆಸರಿನ ನಡುವೆಯೇ ಕತ್ತರಿಸಿತು. ಕೊನೆಗೆ `short_name` ಎಂಬಲ್ಲಿ "ಅಡಿಕೆ ದರ" ಎಂದು ಬರೆದೆವು. ಜನ ನೋಡಲು ಬರುತ್ತಿದ್ದುದೂ ಅದನ್ನೇ ತಾನೆ.

ಇನ್ನು ಸರ್ವಿಸ್ ವರ್ಕರ್. ನಾನು ತಪ್ಪು ಮಾಡಿದ್ದು ಇಲ್ಲಿ. ಫೋನಿನಲ್ಲಿ ಇಟ್ಟುಕೊಳ್ಳುವ ಪ್ರತಿಗೆ ನಾವು ಕ್ಯಾಶ್ ಎನ್ನುತ್ತೇವೆ. "ಕ್ಯಾಶ್ ಖಾಲಿ ಮಾಡಬೇಕು" ಎಂದು ನಾನು ಫೋನಿನಲ್ಲಿ ಹೇಳಿದ್ದು ಕೇಳಿ ಸೊಸೈಟಿಯ ಕ್ಯಾಶಿಯರ್ ಒಮ್ಮೆ ಗಾಬರಿಯಾಗಿದ್ದರು. ನಾನು ಬರೆದ ನಿಯಮ ಸರಳವಾಗಿತ್ತು: ಕೇಳಿದ್ದು ಕ್ಯಾಶಿನಲ್ಲಿ ಇದ್ದರೆ ಅದನ್ನೇ ಕೊಡು, ಇಲ್ಲದಿದ್ದರೆ ಸರ್ವರಿಗೆ ಹೋಗು. ಸೈಟು ಮಿಂಚಿನ ಹಾಗೆ ತೆರೆಯಿತು. ಎಲ್ಲರೂ ಭೇಷ್ ಅಂದರು.

ಒಂದು ಗುರುವಾರ ಒಬ್ಬ ಹಿರಿಯರು ಬಾಡಿಗೆ ಜೀಪಿನಲ್ಲಿ ಎಂಟು ಮೂಟೆ ರಾಶಿ ತಂದು ಸೊಸೈಟಿ ಅಂಗಳದಲ್ಲಿ ಇಳಿಸಿದರು. ಅಂಗಳದಲ್ಲಿ ಒಂದು ಕರಿಹಲಗೆ ಇದೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಹಿಂದಿನ ದಿನದ ದರ ಬರೆದಿರುತ್ತಾರೆ. ಅವರು ಹಲಗೆ ನೋಡಿದರು, ಫೋನು ನೋಡಿದರು, ಮತ್ತೆ ಹಲಗೆ ನೋಡಿದರು. "ಎಂತ ಮಾರಾಯ್ರೆ ಇದು, ನಿಮ್ಮ ಹಲಗೆ ಒಂದು ಹೇಳ್ತದೆ, ನಿಮ್ಮ ಫೋನು ಒಂದು ಹೇಳ್ತದೆ?" ಎಂದು ಕಾರ್ಯದರ್ಶಿಗಳ ಮೇಜಿನ ಮುಂದೆ ಫೋನ್ ಇಟ್ಟರು. ಫೋನಿನಲ್ಲಿ ಇದ್ದದ್ದು ಸೋಮವಾರದ ದರ. ನಡುವೆ ಕ್ವಿಂಟಾಲಿಗೆ ಸಾವಿರದ ಮೇಲೆ ಇಳಿದಿತ್ತು. ಫೋನು ಹಳೆಯ ದರ ತೋರಿಸಿದ್ದು ಕೆಟ್ಟುಹೋಗಿ ಅಲ್ಲ. ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಕ್ಕೆ. ಸೋಮವಾರ ಒಮ್ಮೆ ಇಳಿಸಿಕೊಂಡ ಪುಟ ಕ್ಯಾಶಿನಲ್ಲಿ ಇತ್ತು, ಮತ್ತೆ ಸರ್ವರಿಗೆ ಹೋಗುವ ಪ್ರಮೇಯವೇ ಬರಲಿಲ್ಲ.

ಆ ಹಿರಿಯರು ಮೂಟೆ ವಾಪಸ್ ಒಯ್ಯಲಿಲ್ಲ, ಅಲ್ಲೇ ದಾಸ್ತಾನು ಇಟ್ಟು ಹೋದರು. ಜೀಪಿನ ಬಾಡಿಗೆ ನಾನು ಕೊಡುತ್ತೇನೆ ಎಂದರೆ ಬೈದರು.

ತಪ್ಪು ತಿಳಿದ ಮೇಲೆ ತಿದ್ದುವುದೂ ಸಲೀಸಾಗಿರಲಿಲ್ಲ. ಗಾಬರಿಯಲ್ಲಿ ನಾನು ಮಾಡಿದ್ದು ಸರ್ವರಿನಿಂದ ಆ ಫೈಲನ್ನೇ ಅಳಿಸಿದ್ದು. ಏನೂ ಆಗಲಿಲ್ಲ. ಸರ್ವಿಸ್ ವರ್ಕರ್ ಆಗಲೇ ಜನರ ಫೋನಿನಲ್ಲಿ ಕೂತಿತ್ತು. ಮೂಲ ಫೈಲು ಇಲ್ಲ ಎಂದರೆ "ಹೊಸದು ಬಂದಿಲ್ಲ" ಎಂದು ತಿಳಿದು ಹಳೆಯದೇ ಮುಂದುವರಿಯಿತು. ಅದೇ ಹೆಸರಿನಲ್ಲಿ ಹೊಸ ಫೈಲು ಇಟ್ಟು, ಹಳೆಯ ಕ್ಯಾಶ್ ಅಳಿಸು ಎಂದು ಅದರಲ್ಲಿ ಹೇಳಬೇಕು. ಅದರಲ್ಲೂ ಒಂದು ತೊಡಕು ಇದೆ. ಹೊಸದು ಇಳಿದರೂ, ಹಳೆಯದರ ಕೈಕೆಳಗಿನ ಪುಟಗಳು ತೆರೆದಿರುವ ತನಕ ಅದು ಹೊರಗೆ ಕಾಯುತ್ತದೆ. ನಮ್ಮ ಜನ ಬ್ರೌಸರಿನ ಪುಟ ಮುಚ್ಚುವುದೇ ಇಲ್ಲ, ಒಬ್ಬೊಬ್ಬರ ಫೋನಿನಲ್ಲಿ ಅರವತ್ತು ಪುಟ ತೆರೆದುಕೊಂಡಿರುತ್ತವೆ. ಕಾಯದೆ ಕೂಡಲೇ ಕೆಲಸ ವಹಿಸಿಕೋ ಎಂಬುದಕ್ಕೆ `skipWaiting` ಎಂಬ ಆಜ್ಞೆ ಇದೆ, ಅದನ್ನು ಬರೆಯಬೇಕಾಯಿತು. ಹೀಗೆ ಮಾಡಿದರೂ, ಆಮೇಲೆ ಒಮ್ಮೆ ಸೈಟಿಗೆ ಬಂದವರಿಗಷ್ಟೇ ಹೊಸದು ಸಿಗುತ್ತದೆ.

ಈಗಿರುವ ಏರ್ಪಾಡು ಹೀಗಿದೆ. ಫಾಂಟು, ಐಕಾನು, ಪುಟದ ಚೌಕಟ್ಟು ಇವು ಮೊದಲು ಕ್ಯಾಶಿನಿಂದ. ಒತ್ತಕ್ಷರಗಳನ್ನೆಲ್ಲ ತುಂಬಿಕೊಂಡ ಕನ್ನಡ ಫಾಂಟಿನ ಫೈಲು ಸಾಮಾನ್ಯವಾಗಿ ಇಂಗ್ಲಿಷಿನದಕ್ಕಿಂತ ದಪ್ಪ, ಅದೊಂದು ಫೋನಿನಲ್ಲಿ ಉಳಿದರೇ ಎಷ್ಟೋ ಹಗುರ. ದರ ಮಾತ್ರ ಮೊದಲು ಸರ್ವರಿನಿಂದ. ಮೂರು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಹಳೆಯ ಪ್ರತಿ ತೋರಿಸುತ್ತದೆ. ಅದರ ಮೇಲೆ ಏನು ಬರೆಯಬೇಕು ಎಂಬುದನ್ನು ನನಗೆ ಕಲಿಸಿದ್ದು ಅಂಗಳದ ಕರಿಹಲಗೆ. ಹಲಗೆ ಬರೆಯುವ ಗುಮಾಸ್ತರು ದರಕ್ಕಿಂತ ಮೊದಲು, ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ತಾರೀಖು ಬರೆಯುತ್ತಾರೆ. ನನ್ನ ಪುಟದಲ್ಲಿ ತಾರೀಖು ಕೆಳಗೆಲ್ಲೋ ಸಣ್ಣಗೆ ಇತ್ತು. ಈಗ ಮೇಲೆ ಬಂದಿದೆ. ಹಳೆಯ ಪ್ರತಿಯಾದರೆ "ಇದು ಸೋಮವಾರದ ದರ, ನೆಟ್‌ವರ್ಕ್ ಇಲ್ಲ" ಎಂದು ಬರುತ್ತದೆ, ಅಂಕಿಗಳು ಬೂದು ಬಣ್ಣಕ್ಕೆ ತಿರುಗುತ್ತವೆ. ಖಾತೆಯ ಪುಟವನ್ನು ಕ್ಯಾಶಿಗೆ ಹಾಕುವುದೇ ಇಲ್ಲ. ಹಲವು ಮನೆಗಳಲ್ಲಿ ಒಂದೇ ಫೋನು, ಮಕ್ಕಳಿಂದ ಹಿಡಿದು ಕೆಲಸದವರ ತನಕ ಎಲ್ಲರ ಕೈಗೂ ಹೋಗುತ್ತದೆ. ಯಜಮಾನರ ಸಾಲದ ಬಾಕಿ ಅದರಲ್ಲಿ ಉಳಿಯುವುದು ಬೇಡ.

ಐಫೋನಿನ ವಿಷಯ ಬೇರೆಯೇ ಹೇಳಬೇಕು. ಆಂಡ್ರಾಯ್ಡ್‌ನ ಕ್ರೋಮಿನಲ್ಲಿ, ಬಂದವರು ಪುಟವನ್ನು ಒಮ್ಮೆಯಾದರೂ ಮುಟ್ಟಿ ಅರ್ಧ ನಿಮಿಷ ಇದ್ದರೆ, "ಫೋನಿಗೆ ಹಾಕಿಕೊಳ್ಳಿ" ಎಂಬ ನಮ್ಮದೇ ಬಟನ್ ತೋರಿಸಲು ಬರುತ್ತದೆ. ಐಫೋನಿನಲ್ಲಿ ಆ ಸೌಕರ್ಯ ಇಲ್ಲ. ಶೇರ್ ಗುರುತು ಒತ್ತಿ, ಕೆಳಗೆ ಸರಿಸಿ, "ಹೋಮ್ ಸ್ಕ್ರೀನಿಗೆ ಸೇರಿಸಿ" ಎಂಬುದನ್ನು ಹುಡುಕಬೇಕು. ಹೇಳಿಕೊಡದೆ ಯಾರಿಗೂ ತಿಳಿಯುವುದಿಲ್ಲ. ಹಾಗೆ ಸೇರಿಸಿಕೊಂಡವರಿಗೆ ಮತ್ತೆ ಲಾಗಿನ್ ಕೇಳಬಹುದು. ವೆಬ್ ನೋಟಿಫಿಕೇಶನ್ ಐಫೋನಿಗೆ ಬಂದದ್ದು 2023ರ ಐಓಎಸ್ 16.4ರಲ್ಲಿ, ಅದೂ ಪರದೆಗೆ ಸೇರಿಸಿಕೊಂಡ ಸೈಟುಗಳಿಗೆ ಮಾತ್ರ. 2024ರ ಫೆಬ್ರವರಿಯಲ್ಲಿ ಆಪಲ್ ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಪರದೆಗೆ ಸೇರಿಸಿದ ಸೈಟು ಆ್ಯಪಿನ ಹಾಗೆ ತೆರೆಯುವ ಸೌಲಭ್ಯವನ್ನೇ ತೆಗೆಯುವುದಾಗಿ ಹೇಳಿ, ಗಲಾಟೆಯಾದ ಮೇಲೆ ಮಾರ್ಚಿನಲ್ಲಿ ಮಾತು ಹಿಂದೆ ತೆಗೆದುಕೊಂಡಿತು. ನಡುದಾರಿಯ ಒಂದು ಬದಿಯ ಬೇಲಿ ಆಪಲ್ಲಿನ ಕೈಯಲ್ಲಿದೆ. ನಿಮ್ಮ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಐಫೋನಿನವರಾದರೆ, ನಿಮ್ಮ ವ್ಯವಹಾರ ನೋಟಿಫಿಕೇಶನ್ ಮೇಲೆ ನಿಂತಿದ್ದರೆ, ಈ ದಾರಿಯನ್ನು ನಾನು ಹೇಳುವುದಿಲ್ಲ. ನಮ್ಮ ಸೊಸೈಟಿಯಲ್ಲಿ ಹತ್ತರಲ್ಲಿ ಒಂಬತ್ತು ಆಂಡ್ರಾಯ್ಡ್.

ಎಲ್ಲರಿಗೂ ಹೌದು ಎಂದಿಲ್ಲ ನಾನು. ನಮ್ಮದೇ ಪೇಟೆಯ ಕಲ್ಯಾಣ ಮಂಟಪದವರು ಇದೇ ಬೇಕೆಂದು ಬಂದಿದ್ದರು. ಮದುವೆ ಮಾಡುವವರು ಸೈಟಿಗೆ ಎರಡು ಸಲ ಬರುತ್ತಾರೆ, ದಿನ ಖಾಲಿ ಇದೆಯೇ ಎಂದು ನೋಡಲು ಒಮ್ಮೆ, ಊಟದ ಹಾಲಿನ ಫೋಟೋ ನೆಂಟರಿಗೆ ತೋರಿಸಲು ಒಮ್ಮೆ. ಅದಕ್ಕೆ ಐಕಾನ್ ಯಾಕೆ? ಸೈಟು ಚುರುಕು ಮಾಡಿ, ಫೋನ್ ನಂಬರನ್ನು ಮೇಲೆ ದೊಡ್ಡದಾಗಿ ಹಾಕಿ ಕಳಿಸಿದೆ. ಇನ್ನೊಬ್ಬರು ಹಾಲಿನ ವ್ಯಾನುಗಳು ಯಾವ ಹೊತ್ತಿಗೆ ಎಲ್ಲಿವೆ ಎಂದು ಡ್ರೈವರ್ ಫೋನಿನಿಂದ ತಿಳಿಯಬೇಕು ಎಂದರು. ಪರದೆ ಆರಿದ ಮೇಲೆ ವೆಬ್ ಪುಟಕ್ಕೆ ಜಾಗದ ಗುರುತು ಸಿಗುವುದಿಲ್ಲ. ಅವರಿಗೆ ಬೇಕಾದದ್ದು ನಿಜವಾದ ಆ್ಯಪು, ಅದನ್ನು ಬರೆಯುವವರ ಹತ್ತಿರ ಕಳಿಸಿದೆ.

ಸೊಸೈಟಿಯಲ್ಲಿ ಒಂದು ದೂರು ಮಾತ್ರ ನಿಲ್ಲಲಿಲ್ಲ: "ಪ್ಲೇಸ್ಟೋರಿನಲ್ಲಿ ಹುಡುಕಿದರೆ ನಮ್ಮದು ಸಿಗುವುದಿಲ್ಲ." ಇದಕ್ಕೆ ದಾರಿ ಇದೆ. ಟ್ರಸ್ಟೆಡ್ ವೆಬ್ ಆ್ಯಕ್ಟಿವಿಟಿ ಎಂಬ ಏರ್ಪಾಡಿನಲ್ಲಿ ಇದೇ ಸೈಟನ್ನು ಪ್ಲೇಸ್ಟೋರಿಗೆ ಹಾಕಬಹುದು. ಆ್ಯಪೂ ಸೈಟೂ ಒಬ್ಬರದೇ ಎಂದು ತೋರಿಸುವ `assetlinks.json` ಎಂಬ ಫೈಲನ್ನು ಸೈಟಿನಲ್ಲಿ ಇಡಬೇಕು. ದರ ಬದಲಾದರೆ ಸ್ಟೋರಿಗೆ ಮತ್ತೆ ಏರಿಸುವ ಕೆಲಸ ಇಲ್ಲ. ಆ 25 ಡಾಲರನ್ನು ಮಂಡಳಿ ಮುಂದಿನ ಸಭೆಯಲ್ಲಿ ಮಂಜೂರು ಮಾಡಿತು.

ನಿಮ್ಮ ಸಂಘದಲ್ಲೋ ಅಂಗಡಿಯಲ್ಲೋ ಆ್ಯಪಿನ ಮಾತು ಬಂದಿದ್ದರೆ, ಕೊಟೇಶನ್ ಕರೆಯುವ ಮುಂಚೆ ನಿಮ್ಮ ಸೈಟಿನ ಮೂರು ತಿಂಗಳ ಲಾಗ್ ತೆಗೆಸಿ ನೋಡಿ. ಈಗಾಗಲೇ ಪಿಡಬ್ಲ್ಯೂಎ ಮಾಡಿಸಿ ಆಗಿದ್ದರೆ, ಹಣ ಚುಕ್ತಾ ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಸೈಟನ್ನು ಫೋನಿನಲ್ಲಿ ಎರಡು ಸಲ ತೆರೆದು ಮುಚ್ಚಿ. ಆಫೀಸಿನ ಕಂಪ್ಯೂಟರಿನಲ್ಲಿ ಯಾವುದಾದರೂ ಒಂದು ಅಂಕಿ ಬದಲಿಸಿ. ಫೋನಿನಲ್ಲಿ ಮತ್ತೆ ತೆರೆಯಿರಿ, ಹೊಸ ಅಂಕಿ ಬರಬೇಕು. ಆಮೇಲೆ ಏರೋಪ್ಲೇನ್ ಮೋಡಿಗೆ ಹಾಕಿ ತೆರೆಯಿರಿ, ಅಂಕಿಯ ಜೊತೆಗೆ ಅದು ಯಾವತ್ತಿನದು ಎಂಬ ತಾರೀಖೂ ಕಾಣಬೇಕು. ಕಾಣದಿದ್ದರೆ ಬಿಲ್ ಪಾಸ್ ಮಾಡಬೇಡಿ.